ಡೈಪರ್ ಒಳಗಿನ ಕೆಂಪು ಚುಕ್ಕೆಗಳು

ಎಂಟು ತಿಂಗಳ ಮಗುವಿಗೆ ಆಂಟಿಬಯೋಟಿಕ್ ಕುಡಿಸಿದ ಮೇಲೆ ಡೈಪರ್ ಜಾಗ ಕೆಂಪಾಯಿತು ಅನ್ನಿ. ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ ಮೂರು ದಿನವಾದರೂ ಇಳಿಯಲಿಲ್ಲ.

ಈಗ ತೊಡೆಸಂದಿ ಬಿಡಿಸಿ ನೋಡಬೇಕು. ಮಲಮೂತ್ರ ತಾಗಿ ಬರುವ ಬರಿಯ ಉರಿ ಡೈಪರ್ ಒತ್ತುವ ಉಬ್ಬು ಭಾಗಗಳಲ್ಲಿರುತ್ತದೆ. ಮಡಿಕೆಯ ಒಳಗೆ ಚರ್ಮ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮಡಿಕೆಯ ಆಳವೇ ಕಡುಗೆಂಪಾಗಿ, ಅಂಚಿನಾಚೆ ಸಾಸಿವೆಯಂಥ ಬಿಡಿ ಗುಳ್ಳೆಗಳು ಚದುರಿದ್ದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಶಿಲೀಂಧ್ರ. ಈ ಗುಳ್ಳೆಗಳೇ ‘ಉಪಗ್ರಹ ಚುಕ್ಕೆ’ಗಳು. ಶಿಲೀಂಧ್ರವನ್ನು ಹದ್ದುಬಸ್ತಿನಲ್ಲಿಡುವ ಬ್ಯಾಕ್ಟೀರಿಯಾಗಳು ಆಂಟಿಬಯೋಟಿಕ್‌ನಿಂದ ಸತ್ತಾಗ, ಬೆಚ್ಚಗಿನ ತೇವದಲ್ಲಿ ಅದು ಹಬ್ಬುತ್ತದೆ.

ಇದಕ್ಕೆ ವೈದ್ಯರು ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕ ಕ್ರೀಮ್ ಬರೆದುಕೊಡುತ್ತಾರೆ. ಔಷಧಿ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಮಾತ್ರ ಕೇಳದೆ ಹಚ್ಚಲೇಬಾರದು: ಕೆಂಪು ಬೇಗ ಇಳಿದರೂ ಮಗುವಿನ ಚರ್ಮ ತೆಳುವಾಗುತ್ತದೆ.