ಪಾಸ್‌ಪೋರ್ಟ್‌ನ ನಿಜವಾದ ಕೊನೆಯ ದಿನ

ಪಾಸ್‌ಪೋರ್ಟ್‌ನಲ್ಲಿ ಅಚ್ಚಾಗಿರುವ ಕೊನೆಯ ದಿನಾಂಕದವರೆಗೂ ಅದು ಚಾಲ್ತಿಯಲ್ಲಿರುತ್ತದೆ ಎಂಬುದು ನಿಜ. ಆದರೆ ಆ ದಿನದವರೆಗೂ ಅದನ್ನು ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದುಕೊಂಡರೆ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲೇ ಪ್ರಯಾಣ ನಿಲ್ಲಬಹುದು. ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ, ಯುಎಇ ಮುಂತಾದ ದೇಶಗಳಿಗೆ ಕಾಲಿಡುವ ದಿನ ಪಾಸ್‌ಪೋರ್ಟ್‌ಗೆ ಇನ್ನೂ ಕನಿಷ್ಠ ಆರು ತಿಂಗಳ ಆಯುಸ್ಸು ಉಳಿದಿರಬೇಕು. ನೀವು ನಾಲ್ಕೇ ದಿನ ಇದ್ದು ಬರುವವರಾದರೂ ನಿಯಮದಲ್ಲಿ ರಿಯಾಯಿತಿಯಿಲ್ಲ.

ನಾಲ್ಕು ದಿನದ ಪ್ರವಾಸಕ್ಕೆ ಆರು ತಿಂಗಳು ಏಕೆ? ಹೋದವರು ಅಲ್ಲಿ ಆಸ್ಪತ್ರೆ ಸೇರಬಹುದು, ವೀಸಾ ವಿಸ್ತರಣೆ ಕೇಳಬಹುದು, ಅವಧಿ ಮೀರಿ ಉಳಿದುಬಿಡಬಹುದು. ಅಂಥ ಹೊತ್ತಿನಲ್ಲಿ ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ಅವರನ್ನು ವಾಪಸು ಕಳಿಸುವುದು ಆ ದೇಶಕ್ಕೆ ತೊಡಕಾಗುತ್ತದೆ. ಇನ್ನು ನಿಯಮ ಪಾಲಿಸದ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋದರೆ ಅವರನ್ನು ಮರಳಿ ಕರೆತರುವ ಹೊಣೆ ವಿಮಾನ ಸಂಸ್ಥೆಯದು. ಹಲವು ದೇಶಗಳು ದಂಡವನ್ನೂ ಹಾಕುತ್ತವೆ. ಹಾಗಾಗಿ ತಪಾಸಣೆ ಸಿಂಗಪುರದಲ್ಲಿ ಅಲ್ಲ, ದೇವನಹಳ್ಳಿಯಲ್ಲೇ ಶುರುವಾಗುತ್ತದೆ. ಕೌಂಟರಿನ ಸಿಬ್ಬಂದಿ ಟಿಮ್ಯಾಟಿಕ್ ಎಂಬ ಮಾಹಿತಿಕೋಶದಲ್ಲಿ ಆಯಾ ದೇಶದ ನಿಯಮ ನೋಡಿಯೇ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಅಲ್ಲಿ ‘ಇಲ್ಲ’ ಎಂದು ಬಂದರೆ ಬೇಡಿಕೊಂಡು ಪ್ರಯೋಜನವಿಲ್ಲ.

ಎಲ್ಲ ದೇಶಕ್ಕೂ ಒಂದೇ ಅಳತೆಯೂ ಅಲ್ಲ. ಯೂರೋಪಿನ ಷೆಂಗೆನ್ ದೇಶಗಳು ಲೆಕ್ಕವನ್ನು ಒಳಬರುವ ದಿನದಿಂದಲ್ಲ, ಹೊರಡುವ ದಿನದಿಂದ ಹಾಕುತ್ತವೆ: ಅಲ್ಲಿಂದ ಹೊರಟ ಮೇಲೆ ಮೂರು ತಿಂಗಳು ಉಳಿದಿರಬೇಕು. ಅಮೆರಿಕವು ಭಾರತವನ್ನು ಆರು ತಿಂಗಳ ನಿಯಮದಿಂದ ಬಿಟ್ಟಿರುವ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು. ಆದರೂ ಮಗನ ಮನೆಯಲ್ಲಿ ಆರು ತಿಂಗಳು ಇರಲು ಹೊರಟ ತಂದೆತಾಯಿ ಒಂದನ್ನು ಗಮನಿಸಬೇಕು. ಪಾಸ್‌ಪೋರ್ಟ್ ನಾಲ್ಕು ತಿಂಗಳಿಗೇ ಮುಗಿಯುವುದಿದ್ದರೆ ಅಲ್ಲಿನ ಅಧಿಕಾರಿ ವಾಸದ ಅನುಮತಿಯನ್ನೂ ಆ ದಿನಕ್ಕೇ ಮೊಟಕುಗೊಳಿಸಬಹುದು.

ಎರಡು ದಿನದಲ್ಲಿ ತಪ್ಪುವ ಲೆಕ್ಕ

ದಾವಣಗೆರೆಯ ಒಂದು ದಂಪತಿ ಡಿಸೆಂಬರಿನಲ್ಲಿ ಸಿಂಗಪುರ, ಮಲೇಷ್ಯಾ ನೋಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. 2026ರ ಡಿಸೆಂಬರ್ 12ರಂದು ಸಿಂಗಪುರ ತಲುಪಿ, 16ರಂದು ಬಸ್ಸಿನಲ್ಲಿ ಮಲೇಷ್ಯಾಕ್ಕೆ ದಾಟಿ, 21ರಂದು ಕ್ವಾಲಾಲಂಪುರದಿಂದ ಮರಳುವುದು ಯೋಜನೆ. ಗಂಡನ ಪಾಸ್‌ಪೋರ್ಟ್ 2017ರ ಜೂನ್ 15ರಂದು ಕೊಟ್ಟದ್ದು. ಹತ್ತು ವರ್ಷದ ಅವಧಿ 2027ರ ಜೂನ್ 14ಕ್ಕೆ ಮುಗಿಯುತ್ತದೆ.

ಪ್ರಯಾಣದ ದಿನಕ್ಕೆ ಆರು ತಿಂಗಳು ಕೂಡಿಸುವುದಕ್ಕಿಂತ ಪಾಸ್‌ಪೋರ್ಟಿನ ಕೊನೆಯ ದಿನದಿಂದ ಆರು ತಿಂಗಳು ಕಳೆಯುವುದು ಸುಲಭ. 2027ರ ಜೂನ್ 14ರಿಂದ ಆರು ತಿಂಗಳು ಹಿಂದೆ ಬಂದರೆ 2026ರ ಡಿಸೆಂಬರ್ 14. ಆರು ತಿಂಗಳು ಕೇಳುವ ಯಾವುದೇ ದೇಶಕ್ಕೆ ಇವರು ಕಾಲಿಡಬಹುದಾದ ಕೊನೆಯ ದಿನ ಅದು. ಸಿಂಗಪುರಕ್ಕೆ 12ರಂದು ತಲುಪುತ್ತಾರೆ, ಅಡ್ಡಿಯಿಲ್ಲ. ಮಲೇಷ್ಯಾದ ಗಡಿ ಮುಟ್ಟುವುದು 16ರಂದು; ಅಲ್ಲಿ ಎರಡು ದಿನ ಕಡಿಮೆ ಬೀಳುತ್ತದೆ. ಬೆಂಗಳೂರಿನಲ್ಲಿ ಸಿಂಗಪುರದ ನಿಯಮವನ್ನಷ್ಟೇ ನೋಡಿ ಬಿಟ್ಟಿದ್ದರೂ ಜೋಹೋರ್ ಬಾರುವಿನ ಗಡಿ ಠಾಣೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಆಗಬಹುದು.

ಆದ್ದರಿಂದ ಎರಡು ಮೂರು ದೇಶ ಸುತ್ತುವವರು ಕೊನೆಯ ದೇಶಕ್ಕೆ ಕಾಲಿಡುವ ದಿನವನ್ನೇ ಹಿಡಿಯಬೇಕು. ಒಂದೆರಡು ದಿನದ ಅಂತರದಲ್ಲಿ ಲೆಕ್ಕ ಸರಿಹೋಗುತ್ತದೆ ಎಂದು ನೆಮ್ಮದಿಯಾಗಿರುವುದೂ ಸಲ್ಲದು, ಮಂಜಿಗೋ ಮಳೆಗೋ ವಿಮಾನ ಒಂದು ದಿನ ತಡವಾದರೆ ತಲುಪುವ ದಿನಾಂಕವೂ ಸರಿಯುತ್ತದೆ.

ಅರ್ಜಿ ಯಾವಾಗ?

ಭಾರತದಲ್ಲಿ ಹಳೆಯ ಪುಸ್ತಕದ ಅವಧಿಯನ್ನು ವಿಸ್ತರಿಸುವ ಪದ್ಧತಿ ಇಲ್ಲ. ನವೀಕರಣ ಎಂದು ನಾವು ಕರೆಯುವುದು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ‘Re-issue of Passport’ ಎಂಬ ಹೆಸರಿನಲ್ಲಿದೆ. ಹೊಸ ಸಂಖ್ಯೆಯ ಹೊಸ ಪುಸ್ತಕವೇ ಬರುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಅರ್ಜಿ ಹಾಕಬಹುದು. ನಮ್ಮ ದಂಪತಿಗೆ ಬಾಗಿಲು ತೆರೆಯುವುದು 2026ರ ಜೂನ್ ಮಧ್ಯದಲ್ಲಿ.

ಈಗ ಪ್ರಯಾಣದಿಂದ ಹಿಂದಕ್ಕೆ ನಡೆಯೋಣ. ಡಿಸೆಂಬರ್ 12ರ ಪ್ರಯಾಣಕ್ಕೆ ಸಿಂಗಪುರದ ವೀಸಾ ಬೇಕು. ಅದಕ್ಕೆ ನವೆಂಬರ್ ಮಧ್ಯದ ಹೊತ್ತಿಗೆ ಅರ್ಜಿ ಹೋಗಬೇಕು, ಅದರಲ್ಲಿ ಹೊಸ ಪಾಸ್‌ಪೋರ್ಟಿನ ಸಂಖ್ಯೆಯೇ ಇರಬೇಕು. ಅಂದರೆ ಅಕ್ಟೋಬರ್ ಕೊನೆಗೆ ಪುಸ್ತಕ ಕೈಯಲ್ಲಿರಬೇಕು. ಅದಕ್ಕೂ ಮೊದಲು ಮುದ್ರಣ ಮತ್ತು ಸ್ಪೀಡ್ ಪೋಸ್ಟ್‌ಗೆ ಒಂದು ವಾರ ಇಡಿ. ಪೊಲೀಸ್ ಪರಿಶೀಲನೆ ಬಂದರೆ ಅದಕ್ಕೊಂದು ತಿಂಗಳು ಇಡಿ. ಕೆಲವು ಮರುವಿತರಣೆಗಳಿಗೆ ಅದು ಬೇಕಾಗುವುದೇ ಇಲ್ಲ, ಕೆಲವಕ್ಕೆ ಪಾಸ್‌ಪೋರ್ಟ್ ಕೊಟ್ಟ ಮೇಲೆ ನಡೆಯುತ್ತದೆ. ಆದರೆ ವಿಳಾಸ ಬದಲಾಗಿದ್ದರೆ ಬರುತ್ತದೆಂದೇ ಎಣಿಸುವುದು ಕ್ಷೇಮ. ಸೇವಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗಲು ಎರಡು ಮೂರು ವಾರ ಇಡಿ. ಹೀಗೆ ಎಣಿಸಿದರೆ ಆಗಸ್ಟ್ ಕೊನೆಗೆ ಬಂದು ನಿಲ್ಲುತ್ತೇವೆ. ದಾಖಲೆಯಲ್ಲಿ ಹೆಸರಿನ ಅಕ್ಷರ ತಾಳೆಯಾಗದೆ ಅರ್ಜಿ ತಡೆಹಿಡಿದರೆ ಸರಿಪಡಿಸಲು ಇನ್ನೆರಡು ವಾರ. ಆಗಸ್ಟ್ ಮಧ್ಯವೇ ಸುರಕ್ಷಿತ ದಿನ.

ಬಾಗಿಲು ತೆರೆದ ದಿನವೇ ಹಾಕಿದರೆ ಏನು? ಹಳೆಯ ಪುಸ್ತಕದಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಸೇರುವುದಿಲ್ಲ. ಅಷ್ಟು ಆಯುಸ್ಸು ಹೋದಂತೆ. ಆದರೆ ವಿದೇಶಕ್ಕೆ ಹೋಗುವವರಿಗೆ ಕೊನೆಯ ಆರು ತಿಂಗಳು ಹೇಗೂ ಬಹುತೇಕ ನಿರುಪಯೋಗಿ. ಅದಕ್ಕೇ ಅಚ್ಚಾದ ದಿನಾಂಕಕ್ಕೆ ಹನ್ನೆರಡರಿಂದ ಒಂಬತ್ತು ತಿಂಗಳ ನಡುವೆ ಅರ್ಜಿ ಹಾಕುವುದು ಸರಿಯಾದ ಸಮಯ.

ತತ್ಕಾಲ್ ಇದೆಯಲ್ಲ ಎನ್ನಬಹುದು. ವಯಸ್ಕರ 36 ಪುಟದ ಪುಸ್ತಕಕ್ಕೆ 1,500 ರೂಪಾಯಿಯ ಮೇಲೆ 2,000 ರೂಪಾಯಿ ಹೆಚ್ಚು ಕೊಟ್ಟರೆ ಸರತಿ ಚಿಕ್ಕದಾಗುತ್ತದೆ. ಆದರೆ ಕೊಡುವ ಅಂತಿಮ ತೀರ್ಮಾನ ಪಾಸ್‌ಪೋರ್ಟ್ ಕಚೇರಿಯದೇ, ದಾಖಲೆಯ ತೊಡಕನ್ನು ಹೆಚ್ಚಿನ ಶುಲ್ಕ ಬಿಡಿಸುವುದಿಲ್ಲ.

ಅರ್ಜಿ ಹಾಕುವ ಮುನ್ನ

ಸೇವಾ ಕೇಂದ್ರದಲ್ಲಿ ಅರ್ಜಿ ಮಂಜೂರಾದಾಗ ಹಳೆಯ ಪುಸ್ತಕಕ್ಕೆ ರದ್ದು ಮೊಹರು ಒತ್ತಿ ವಾಪಸು ಕೊಡುತ್ತಾರೆ. ಅಂದಿನಿಂದ ಹೊಸದು ಬರುವವರೆಗೆ ವಿದೇಶ ಪ್ರಯಾಣ ಸಾಧ್ಯವಿಲ್ಲ. ನಡುವೆ ಕೆಲಸದ ಮೇಲೆ ದುಬೈಗೆ ಹೋಗುವುದಿದ್ದರೆ ಆ ವಾರಗಳನ್ನು ಮೊದಲೇ ತಪ್ಪಿಸಿ. ರದ್ದಾದ ಪುಸ್ತಕವನ್ನು ಎಸೆಯಬೇಡಿ. ಅದರಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ಹಿಡಿದು ಪ್ರಯಾಣಿಸಬಹುದು. ಆನ್‌ಲೈನ್‌ನಲ್ಲಿ ಪಡೆದ ಇ-ವೀಸಾ ಮಾತ್ರ ಪಾಸ್‌ಪೋರ್ಟ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಸಂಖ್ಯೆ ಬದಲಾದರೆ ಅದರ ಗತಿಯೇನೆಂದು ಮೊದಲೇ ವಿಚಾರಿಸಬೇಕು.

ಮನೆಮಂದಿಯ ಪಾಸ್‌ಪೋರ್ಟ್‌ಗಳನ್ನು ಒಟ್ಟಿಗೆ ಇಟ್ಟು ನೋಡುವಾಗ ಮಕ್ಕಳದ್ದನ್ನು ಬೇರೆಯಾಗಿ ಎಣಿಸಿ. ದೊಡ್ಡವರದು ಹತ್ತು ವರ್ಷವಾದರೆ ಚಿಕ್ಕ ಮಕ್ಕಳದು ಐದೇ ವರ್ಷ. ಅಪ್ಪ ಅಮ್ಮನ ಜೊತೆ ಒಂದೇ ದಿನ ಮಾಡಿಸಿದ್ದರೂ ಮಗುವಿನದು ಐದು ವರ್ಷ ಮೊದಲೇ ಮುಗಿದಿರುತ್ತದೆ.