ಕ್ರೋಮ್‌ಬುಕ್‌ನಲ್ಲಿ ಅಡಗಿರುವ ವೈಫೈ ಪಾಸ್‌ವರ್ಡ್: ಡೆವಲಪರ್ ಮೋಡ್ ಆನ್ ಮಾಡಿದರೆ ಸಿಗುತ್ತದೆಯೇ?

ಕ್ರೋಮ್‌ಬುಕ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ನಾಲ್ಕು ಕಮಾಂಡ್ ಟೈಪ್ ಮಾಡಿದರೆ ಮರೆತುಹೋದ ವೈಫೈ ಪಾಸ್‌ವರ್ಡ್ ಸಿಗುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಮುಖ್ಯ ಮಾತು ಬಿಟ್ಟುಹೋಗಿದೆ.

ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಇರುವ ಜಾಗದಲ್ಲಿ ಬರೀ ಚುಕ್ಕೆಗಳು ಕಾಣುತ್ತವೆ. ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಹುಡುಕಿದರೂ ಸಿಗದು, ಅಲ್ಲಿರುವುದು ವೆಬ್‌ಸೈಟ್‌ಗಳ ಪಾಸ್‌ವರ್ಡ್ ಮಾತ್ರ. ವೈಫೈ ಪಾಸ್‌ವರ್ಡ್ ಇರುವುದು `shill.profile` ಎಂಬ ಫೈಲ್‌ನಲ್ಲಿ. ಅದು ಸಾಮಾನ್ಯ ಬಳಕೆದಾರರಿಗೆ ತೆರೆಯುವುದಿಲ್ಲ. ಡೆವಲಪರ್ ಮೋಡ್‌ನಲ್ಲಿ ತೆರೆದರೆ ಇಂಥ ಸಾಲು ಕಾಣಬಹುದು:

```
Passphrase=rot47:4@7766a_ac
```

ಇದು ದೊಡ್ಡ ರಹಸ್ಯ ಲಿಪಿಯೇನಲ್ಲ. ಕೀಬೋರ್ಡ್‌ನ 94 ಅಕ್ಷರ, ಅಂಕಿ, ಚಿಹ್ನೆಗಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಂದನ್ನೂ 47 ಸ್ಥಾನ ಸರಿಸಿದ್ದಾರೆ, ಅಷ್ಟೇ. ಇನ್ನೊಮ್ಮೆ 47 ಸರಿಸಿದರೆ ಮೊದಲಿನದೇ ಬರುತ್ತದೆ:

```
echo '4@7766a_ac' | tr '!-~' 'P-~!-O'
```

ಉತ್ತರ `coffee2024`.

ಹಾಗಾದರೆ ತೊಂದರೆ ಎಲ್ಲಿ? ಡೆವಲಪರ್ ಮೋಡ್‌ಗೆ ಹೋಗುವಾಗ ಕ್ರೋಮ್‌ಬುಕ್ ತನ್ನೊಳಗಿನ ಎಲ್ಲವನ್ನೂ ಅಳಿಸಿಹಾಕುತ್ತದೆ. ಡೌನ್‌ಲೋಡ್ಸ್‌ನಲ್ಲಿದ್ದ ಫೋಟೋ, ಫೈಲ್‌ಗಳ ಜೊತೆಗೆ ನೀವು ಹುಡುಕುತ್ತಿದ್ದ ಆ ಫೈಲ್ ಕೂಡ ಹೋಗುತ್ತದೆ! ಮತ್ತೆ ಲಾಗಿನ್ ಆಗಲು ಇಂಟರ್ನೆಟ್ ಬೇಕು, ಅದಕ್ಕೆ ಅದೇ ಪಾಸ್‌ವರ್ಡ್ ಬೇಕು. ಮೊದಲೇ ಡೆವಲಪರ್ ಮೋಡ್‌ನಲ್ಲಿರುವ ಕ್ರೋಮ್‌ಬುಕ್ ಇದ್ದವರಿಗೆ ಮಾತ್ರ ಈ ಉಪಾಯ ಸರಿ. ಶಾಲೆ, ಕಚೇರಿ ಕೊಟ್ಟ ಕ್ರೋಮ್‌ಬುಕ್‌ಗಳಲ್ಲಿ ಈ ಮೋಡ್‌ಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ.

ಮನೆಯ ವೈಫೈ ಆದರೆ ಸುಲಭದ ದಾರಿಯಿದೆ. ನಿಮ್ಮ ಕ್ರೋಮ್‌ಬುಕ್ ಇನ್ನೂ ವೈಫೈಗೆ ಕನೆಕ್ಟ್ ಆಗಿದೆಯಲ್ಲವೇ? ಸೆಟ್ಟಿಂಗ್ಸ್‌ನಲ್ಲಿ ಆ ನೆಟ್‌ವರ್ಕ್‌ನ ಹೆಸರು ಒತ್ತಿ, ಕೆಳಗೆ 'ಗೇಟ್‌ವೇ' ಎಂದಿರುವ ಸಂಖ್ಯೆ ನೋಡಿ. ಹೆಚ್ಚಿನ ಮನೆಗಳಲ್ಲಿ ಅದು `192.168.1.1` ಥರ ಇರುತ್ತದೆ. ಅದನ್ನು ಬ್ರೌಸರ್‌ನ ಅಡ್ರೆಸ್ ಜಾಗದಲ್ಲಿ ಟೈಪ್ ಮಾಡಿದರೆ ರೂಟರ್‌ನ ಪುಟ ತೆರೆಯುತ್ತದೆ. ಅಲ್ಲಿ ಕೇಳುವುದು ರೂಟರ್‌ನ ಅಡ್ಮಿನ್ ಪಾಸ್‌ವರ್ಡ್, ವೈಫೈಯದಲ್ಲ. ಯಾರೂ ಬದಲಿಸದಿದ್ದರೆ ಅದು ರೂಟರ್‌ನ ಹಿಂದೆ ಅಥವಾ ಅಡಿಯ ಸ್ಟಿಕರ್‌ನಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಒಳಗೆ ಹೋದ ಮೇಲೆ ವೈರ್‌ಲೆಸ್ ಸೆಕ್ಯೂರಿಟಿ ಭಾಗದಲ್ಲಿ ವೈಫೈ ಪಾಸ್‌ವರ್ಡ್ ಕಾಣುತ್ತದೆ. ಚುಕ್ಕೆಗಳಿದ್ದರೆ ಪಕ್ಕದ ಕಣ್ಣಿನ ಗುರುತು ಒತ್ತಿ. ನೋಡಿ ಬರೆದುಕೊಳ್ಳಿ, ಸೇವ್ ಒತ್ತಬೇಡಿ. ಅಲ್ಲಿ ಅಕ್ಷರ ಬದಲಾದರೆ ಮನೆಯ ಎಲ್ಲ ಫೋನ್‌ಗಳೂ ಕನೆಕ್ಷನ್ ಕಳೆದುಕೊಳ್ಳುತ್ತವೆ.

ಅದೇ ವೈಫೈಯಲ್ಲಿ ಆಂಡ್ರಾಯ್ಡ್ 10 ಅಥವಾ ನಂತರದ ಫೋನ್ ಇದ್ದರೆ ಇಷ್ಟೂ ಬೇಡ. ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ 'ಶೇರ್' ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ, ಹಲವು ಫೋನ್‌ಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಬರೆದಿರುತ್ತದೆ. ಆ ಕೋಡ್‌ನ ಸ್ಕ್ರೀನ್‌ಶಾಟ್ ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ, ಕೋಡ್‌ನೊಳಗೇ ಪಾಸ್‌ವರ್ಡ್ ಇದೆ.