ಹಾವು ಕಡಿದ ರಾತ್ರಿ ಯಾವ ಗಾಡಿ ಮೊದಲು?

ಕಳೆದ ನವೆಂಬರ್‌ನ ಒಂದು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಅಣ್ಣನ ಮಗ ಹೊಲದಿಂದ ಫೋನ್ ಮಾಡಿದ. 'ಕಾಕಾ, ಕಾಲಿಗೆ ಏನೋ ಚುಚ್ಚಿದಂಗಾತು. ಹಾವೇನೋ ಅನ್ನಸ್ತೈತಿ.' ದನಿಯಲ್ಲಿ ಗಾಬರಿಗಿಂತ ಸಂಕೋಚವೇ ಹೆಚ್ಚಾಗಿತ್ತು. ಈ ವೇಳೆಯಲ್ಲಿ ಕಾಕಾನ ನಿದ್ದೆ ಕೆಡಿಸಿದೆನಲ್ಲ ಎಂಬ ಸಂಕೋಚ. ಪಂಪ್‌ಸೆಟ್‌ಗೆ ತ್ರೀಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬರುವ ವಾರವದು. ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬೆಳೆಯುವವರು ಆ ವಾರ ರಾತ್ರಿಯನ್ನೇ ಹಗಲು ಮಾಡಿಕೊಳ್ಳಬೇಕು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಬರಿಗಾಲಲ್ಲಿ ಮಡಿಯಿಂದ ಮಡಿಗೆ ನೀರು ತಿರುವುವವನಿಗೆ ಒದ್ದೆ ನೆಲದ ಮೇಲೆ ಇನ್ನೊಬ್ಬರು ಓಡಾಡುತ್ತಿರುವುದು ಕಾಣುವುದಿಲ್ಲ.

ನಮ್ಮ ಊರು ಬ್ಯಾಡಗಿ ಪೇಟೆಯಿಂದ ಹತ್ತು ಕಿಲೋಮೀಟರ್. ಹೊಲವು ಊರಿನಿಂದ ಇನ್ನೂ ಎರಡು ಕಿಲೋಮೀಟರ್ ಆಚೆ, ಚಕ್ಕಡಿ ಹಾದಿಯ ತುದಿಯಲ್ಲಿದೆ. ನಾನು ಬೈಕ್ ತೆಗೆದುಕೊಂಡು ಅಲ್ಲಿಗೆ ಹೊರಟೆ, ಹೊರಡುವ ಮೊದಲೇ ಆಂಬುಲೆನ್ಸ್‌ಗೆ ಕರೆ ಮಾಡಿದೆ. ಗಡಿಯಾರದಲ್ಲಿ 11.48. ಹತ್ತಿರದ ವಾಹನ ಹೆರಿಗೆ ಕರೆಯೊಂದಕ್ಕೆ ಹೋಗಿದೆ, ಮುಂದಿನದು ನಲವತ್ತು ನಿಮಿಷದಲ್ಲಿ ಊರಿಗೆ ಬರುತ್ತದೆ ಎಂಬ ಉತ್ತರ ಬಂತು. ಉತ್ತರ ಕೊಟ್ಟವರು ಏನನ್ನೂ ಮುಚ್ಚಿಡಲಿಲ್ಲ. ತಪ್ಪು ಮಾಡಿದವನು ನಾನು. ನಲವತ್ತು ಎಂದು ಹೇಳಿದರೂ ಬೇಗ ಬಂದಾರು ಎಂದುಕೊಂಡು, ಹುಡುಗನನ್ನು ಬದುವಿನ ಮೇಲೆ ಮಲಗಿಸಿ, ಕಾಲು ಅಲುಗಾಡದಂತೆ ಪಟ್ಟಿ ಹಲಗೆ ಕಟ್ಟಿ, ರಸ್ತೆಯ ಕಡೆ ನೋಡುತ್ತಾ ಕುಳಿತೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ಮೇಷ್ಟ್ರು ಕೂಡುವ ಕಳೆಯುವ ಲೆಕ್ಕವನ್ನು ಅಂದು ಮರೆತಿದ್ದೆ.

ಆ ಲೆಕ್ಕ ಬಹಳ ಸರಳ. ಆಂಬುಲೆನ್ಸ್ ನಮ್ಮನ್ನು ತಲುಪುವ ಹೊತ್ತನ್ನು, ನಮ್ಮ ಗಾಡಿ ನಮ್ಮನ್ನು ಹೊರಡಿಸುವ ಹೊತ್ತಿನೊಂದಿಗೆ ಹೋಲಿಸಬಾರದು; ನಮ್ಮ ಗಾಡಿ ಆಸ್ಪತ್ರೆಯ ಬಾಗಿಲು ಮುಟ್ಟುವ ಹೊತ್ತಿನೊಂದಿಗೆ ಹೋಲಿಸಬೇಕು. ನಲವತ್ತು ನಿಮಿಷವೆಂದರೆ 12.28ಕ್ಕೆ ಅದು ಊರಿನಲ್ಲಿ. ಚಕ್ಕಡಿ ಹಾದಿಯಲ್ಲಿ ಅದು ಇಳಿಯುವಂತಿಲ್ಲ, ಹುಡುಗನನ್ನು ಅಲ್ಲಿಗೆ ಹೇಗಾದರೂ ತರಲೇಬೇಕು. ಕರೆ ಮುಗಿದ ಕೂಡಲೇ ಬೈಕಿನಲ್ಲಿ ಹೊಲ ಮುಟ್ಟಿ, ಅವನನ್ನು ಕೂರಿಸಿಕೊಂಡು ಹೊರಟಿದ್ದರೆ ಆಸುಪಾಸು 12.20ಕ್ಕೆ ನಾವು ಪೇಟೆಯ ಆಸ್ಪತ್ರೆಯಲ್ಲಿರುತ್ತಿದ್ದೆವು. ಆಂಬುಲೆನ್ಸ್ ಊರು ಮುಟ್ಟುವ ಮೊದಲೇ ಔಷಧ ಮುಟ್ಟುತ್ತಿತ್ತು. ಹೀಗಿರುವಾಗ ಕಾಯುವುದರಲ್ಲಿ ಅರ್ಥವಿಲ್ಲ. ಅದೇ ಆಂಬುಲೆನ್ಸ್ ಹತ್ತು ನಿಮಿಷದ ದಾರಿಯಲ್ಲಿದ್ದರೆ ಮಾತು ಬೇರೆ. ಅದರಲ್ಲಿ ಆಮ್ಲಜನಕವಿದೆ, ಉಸಿರು ಕಟ್ಟಿದರೆ ಕೈಯಿಂದ ಒತ್ತಿ ಗಾಳಿ ಕೊಡುವ ಚೀಲವಿದೆ, ಅದನ್ನು ಬಳಸಬಲ್ಲ ಮನುಷ್ಯನಿದ್ದಾನೆ. ನಮ್ಮ ಯಾವ ಗಾಡಿಯಲ್ಲೂ ಇವು ಇರುವುದಿಲ್ಲ.

ಇನ್ನು ಗಾಡಿಗಳು. ಹೊಲದಲ್ಲಿ ಟ್ರ್ಯಾಕ್ಟರ್ ಇತ್ತು. ಕೆಸರಿಗೂ ಹಳ್ಳಕ್ಕೂ ಅಂಜದ ಯಂತ್ರ, ಆದರೆ ಪೇಟೆಗೆ ಮುಕ್ಕಾಲು ಗಂಟೆ. ಜೊತೆಗೆ ಟ್ರೇಲರ್‌ನ ಕುಲುಕಾಟದಲ್ಲಿ ಕಡಿದ ಕಾಲನ್ನು ಅಲುಗಾಡದಂತೆ ಇಡುವುದು ಆಗದ ಮಾತು. ಕಾಲು ಅಲುಗಿದಷ್ಟೂ ಸ್ನಾಯುಗಳು ವಿಷವನ್ನು ಮೇಲಕ್ಕೆ ತಳ್ಳುತ್ತವೆ. ಊರಿನ ಟಾಟಾ ಏಸ್ ಮರುದಿನದ ಗೋವಿನಜೋಳದ ಚೀಲ ಹೇರಿಕೊಂಡು ನಿಂತಿತ್ತು. ಇಳಿಸಲು ನಾಲ್ಕು ಆಳು, ಅರ್ಧ ಗಂಟೆ ಬೇಕು. ಗೌಡ್ರ ಮನೆಯ ಕಾರು ಓಟದಲ್ಲಿ ಎಲ್ಲಕ್ಕಿಂತ ಮುಂದೆ. ಆದರೆ ಮಲಗಿದವರನ್ನು ಎಬ್ಬಿಸಬೇಕು, ಕೀಲಿ ಹುಡುಕಬೇಕು, ಓಣಿಯಲ್ಲಿ ಅಡ್ಡ ನಿಂತ ಚಕ್ಕಡಿಯನ್ನು ಸರಿಸಬೇಕು. ಇಷ್ಟಾದ ಮೇಲೂ ಅದು ಹೊಲಕ್ಕೆ ಬರುವುದಿಲ್ಲ. ಬೈಕು ಮಾತ್ರ ಎಂಜಿನ್ ಬಿಸಿಯಾರದೆ ನಮ್ಮ ಪಕ್ಕದಲ್ಲೇ ನಿಂತಿತ್ತು. ವೇಗದ ಗಾಡಿ ಬೇರೆ, ಬೇಗ ಮುಟ್ಟಿಸುವ ಗಾಡಿ ಬೇರೆ.

ಹಾವು ಕಡಿದವರನ್ನು ಬೈಕಿನಲ್ಲಿ ಒಯ್ಯುವುದೇ ಎಂದು ಓದುಗರು ಹುಬ್ಬೇರಿಸಬಹುದು. ಇದಕ್ಕೆ ನೇಪಾಳದ ತರಾಯಿ ಪ್ರದೇಶದಲ್ಲಿ ಒಂದು ನಿದರ್ಶನವಿದೆ. ದಮಕ್ ಎಂಬ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಹಾವು ಕಡಿದು ಸತ್ತವರಲ್ಲಿ ಬಹುಪಾಲು ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಅಲ್ಲಿನ ವೈದ್ಯರು ಹೊಸ ಆಂಬುಲೆನ್ಸ್‌ಗಾಗಿ ಕಾಯಲಿಲ್ಲ. ಹಳ್ಳಿಗಳಲ್ಲಿ ಬೈಕ್ ಇದ್ದವರನ್ನು ಸ್ವಯಂಸೇವಕರನ್ನಾಗಿ ಗೊತ್ತುಮಾಡಿ, ಹಗಲೂ ರಾತ್ರಿ ಕರೆಗೆ ಸಿಗುವಂತೆ ಏರ್ಪಾಟು ಮಾಡಿದರು. ಸವಾರ ಮುಂದೆ, ಕಡಿತಕ್ಕೊಳಗಾದವರು ನಡುವೆ, ಆನಿಸಿಕೊಳ್ಳಲು ಮತ್ತೊಬ್ಬರು ಹಿಂದೆ. 2013ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕಡಿತಕ್ಕೊಳಗಾದವರಲ್ಲಿ ಸಾಯುವವರ ಪ್ರಮಾಣ ಶೇ 10.5ರಿಂದ ಶೇ 0.5ಕ್ಕೆ ಇಳಿಯಿತು. ಜನರಿಗೆ ತಿಳಿವಳಿಕೆ ನೀಡಿದ್ದೂ ಇದರಲ್ಲಿ ಸೇರಿದೆ, ಎಲ್ಲ ಶ್ರೇಯವನ್ನೂ ಬೈಕಿಗೇ ಕೊಡುವಂತಿಲ್ಲ. ನಮ್ಮ ಮೋಟಾರು ವಾಹನ ಕಾಯ್ದೆ ಸವಾರನ ಹಿಂದೆ ಒಬ್ಬರಿಗಷ್ಟೇ ಅವಕಾಶ ಕೊಡುತ್ತದೆ ಎಂಬುದನ್ನೂ ಹೇಳಿಬಿಡಬೇಕು. ಆ ರಾತ್ರಿ ನಾವು ಮೂವರು ಕುಳಿತೆವು. ದಂಡ ಕಟ್ಟಬೇಕಾಗಿ ಬಂದಿದ್ದರೆ ಕಟ್ಟುತ್ತಿದ್ದೆ.

ಹೊರಟಾಗ 12.12. ಬೈಕು ನಡೆಸಿದವನು ಪಕ್ಕದ ಹೊಲದ ಯುವಕ, ಹಿಂದೆ ನಾನು. ಹುಡುಗನ ಎರಡೂ ತೋಳು ಸವಾರನ ಸೊಂಟ ಬಳಸಿದ್ದವು, ನನ್ನ ತೋಳು ಇಬ್ಬರನ್ನೂ ಬಳಸಿತ್ತು, ಟವೆಲ್ಲಿನಿಂದ ಅವನ ನಡುವನ್ನು ನನಗೆ ಕಟ್ಟಿಕೊಂಡಿದ್ದೆ. ಅಷ್ಟರಲ್ಲಿ ಗೌಡ್ರಿಗೆ ಫೋನ್ ಮಾಡಿ, 'ನೀವು ಹೊಲಕ್ಕ ಬರಬ್ಯಾಡ್ರಿ, ಪ್ಯಾಟಿ ರಸ್ತಾದಾಗ ನಮ್ಮ ಹಿಂದ ಬರ್ರಿ' ಎಂದು ಹೇಳಿದ್ದೆ. ಅಂದು ನಾನು ಮಾಡಿದ ಸರಿಯಾದ ಕೆಲಸವೆಂದರೆ ಇದೊಂದೇ ಇರಬೇಕು. ಒಂದು ಗಾಡಿಯನ್ನು ನಂಬಿ ಹೊರಟು, ಅದಕ್ಕೆ ನೆರಳಾಗಿ ಇನ್ನೊಂದನ್ನು ಹಿಂದೆ ಹೊರಡಿಸುವುದು. ಆಂಬುಲೆನ್ಸ್‌ನವರಿಗೂ ನಾವು ಹೊರಟ ದಾರಿಯನ್ನು ತಿಳಿಸಿದೆವು. ಇಲ್ಲವಾದರೆ ಖಾಲಿ ಹೊಲಕ್ಕೆ ಬಂದು ಹುಡುಕುತ್ತಿದ್ದರು. ದಾರಿಯಲ್ಲಿ ಎದುರಾದರೆ ಅದಕ್ಕೇ ಹತ್ತಿಸುವ ಯೋಚನೆಯೂ ಇತ್ತು.

ಬೈಕ್ ಎಲ್ಲಿಯವರೆಗೆ ಸರಿ? ರೋಗಿಗೆ ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿ ಇರುವವರೆಗೆ ಮಾತ್ರ. ನಾಗರ ಮತ್ತು ಕಟ್ಟು ಹಾವುಗಳ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಮೊದಲು ಕಣ್ಣ ರೆಪ್ಪೆ ಇಳಿಯುತ್ತದೆ. ಆಮೇಲೆ ಮಾತು ಮೂಗಿನಿಂದ ಬರುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕುತ್ತಿಗೆ ವಾಲುತ್ತದೆ, ಕೊನೆಗೆ ಉಸಿರಾಟ. ಕತ್ತಲಲ್ಲಿ ರೆಪ್ಪೆ ಕಾಣುವುದಿಲ್ಲವಾದ್ದರಿಂದ ವೈದ್ಯರು ಬಳಸುವ ಪರೀಕ್ಷೆಯೊಂದನ್ನು ನಾನು ಬಳಸಿದೆ: ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲ? ಹೊಲದಲ್ಲಿ ಅವನು ಇಪ್ಪತ್ನಾಲ್ಕರವರೆಗೆ ಎಣಿಸಿದ್ದ. ಊರ ಕೂಡುರಸ್ತೆಯಲ್ಲಿ ಇಪ್ಪತ್ತೆರಡು. ಕಾರು ಇನ್ನೂ ಓಣಿಯಿಂದ ಹೊರಬಂದಿರಲಿಲ್ಲ. ಇಪ್ಪತ್ತೆರಡು ಎಣಿಸುವವನನ್ನು ನಿಲ್ಲಿಸಿಕೊಂಡು ಕಾಯುವ ಅಗತ್ಯವಿಲ್ಲವೆಂದು ಮುಂದೆ ಹೊರಟೆವು. ಏಳನೇ ಕಿಲೋಮೀಟರ್ ಹೊತ್ತಿಗೆ ಎಣಿಕೆ ಹನ್ನೊಂದಕ್ಕೆ ನಿಂತಿತು, ದನಿ ಮೂಗಿಗೆ ಏರಿತ್ತು, ತಲೆ ಸವಾರನ ಬೆನ್ನಿಗೆ ಒರಗಿತು.

ಅಲ್ಲಿ ಬೈಕು ನಿಲ್ಲಿಸಿದೆವು. ಉಳಿದದ್ದು ಮೂರೇ ಕಿಲೋಮೀಟರ್, ಆರು ನಿಮಿಷದ ದಾರಿ. ಹಾಗೇ ಹೋಗಿಬಿಡೋಣವೆಂದು ಸವಾರ ಅಂದ. ನನಗೆ ಧೈರ್ಯ ಬರಲಿಲ್ಲ. ಎಂಜಲು ನುಂಗಲಾಗದವನ ತಲೆ ಮುಂದಕ್ಕೆ ಬಾಗಿದರೆ ನಾಲಿಗೆಯೇ ಶ್ವಾಸದ ದಾರಿಯನ್ನು ಮುಚ್ಚಬಹುದು, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹಿಂದೆ ಕಾರಿನ ದೀಪ ಕಾಣುತ್ತಿತ್ತು. ಎರಡು ನಿಮಿಷ ಕಾದು, ಹಿಂದಿನ ಸೀಟಿನಲ್ಲಿ ಎಡ ಮಗ್ಗುಲಿಗೆ ಮಲಗಿಸಿದೆವು. ಬಾಯಿ ನೆಲದ ಕಡೆ ತಿರುಗಿತ್ತು, ಗದ್ದವನ್ನು ನಾನು ಎತ್ತಿ ಹಿಡಿದಿದ್ದೆ. ದೀಪ ಕಾಣದಿದ್ದಿದ್ದರೆ ಏನು ಮಾಡುತ್ತಿದ್ದೆ? ಬಹುಶಃ ಮುಂದೆಯೇ ಹೋಗುತ್ತಿದ್ದೆ, ನಿಧಾನವಾಗಿ, ಅವನ ತಲೆಯನ್ನು ನನ್ನ ಹೆಗಲಿಗೆ ಹಿಂದಕ್ಕೆ ಆನಿಸಿಕೊಂಡು. 12.37ಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು.

ಅದೇ ರಾತ್ರಿ ಫೆಬ್ರವರಿಯ ಭಾನುವಾರವೋ ಬುಧವಾರವೋ ಆಗಿದ್ದರೆ ಲೆಕ್ಕ ಮತ್ತೆ ಬದಲಾಗುತ್ತಿತ್ತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ಜೋರು. ಹಂಗಾಮಿನಲ್ಲಿ ಹಿಂದಿನ ರಾತ್ರಿಯೇ ಬಳ್ಳಾರಿ, ರಾಯಚೂರು, ಆಂಧ್ರದ ಲಾರಿಗಳು ಬಂದು ಪೇಟೆಯನ್ನು ತುಂಬುತ್ತವೆ. ಮುಖ್ಯರಸ್ತೆಯ ಅಗಲೀಕರಣಕ್ಕಾಗಿ ಇಲ್ಲಿ ವರ್ಷಗಟ್ಟಲೆ ಹೋರಾಟ ನಡೆದದ್ದು ಸುಮ್ಮನೆ ಅಲ್ಲ. ಅಂಥ ರಾತ್ರಿ ಕಾರು ಪೇಟೆಯ ಅಂಚಿನವರೆಗೆ ಹಾರಿ ಬಂದು, ಲಾರಿಗಳ ನಡುವೆ ನಿಂತುಬಿಡುತ್ತದೆ. ಬೈಕು ನುಸುಳುತ್ತದೆ. ಆಗ ಪೇಟೆಯಲ್ಲಿರುವ ನೆಂಟರೊಬ್ಬರಿಗೆ ಫೋನ್ ಮಾಡಿ, ಯಾವ ದಾರಿ ತೆರೆದಿದೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಯಾವ ಆಸ್ಪತ್ರೆ ಎಂಬ ಪ್ರಶ್ನೆಯೂ ಗಾಡಿಯ ಪ್ರಶ್ನೆಯಷ್ಟೇ ದೊಡ್ಡದು. ಗೌಡ್ರು ಕಾರಿನಲ್ಲಿ, 'ಸೀದಾ ಹುಬ್ಬಳ್ಳಿಗೇ ಹೋಗೂಣೇನ್ರಿ ಮಾಸ್ತರ' ಎಂದರು. ಕಾಳಜಿಯ ಮಾತೇ. ಮೋಟೆಬೆನ್ನೂರಿನ ಬಳಿ ಹೆದ್ದಾರಿ ಹಿಡಿದರೆ ಒಂದೂವರೆ ತಾಸಿನಲ್ಲಿ ಹುಬ್ಬಳ್ಳಿ. ಆದರೆ ಆ ಒಂದೂವರೆ ತಾಸು ಹುಡುಗ ಔಷಧವಿಲ್ಲದೆ, ಉಸಿರಿಗೆ ಆಸರೆಯಿಲ್ಲದೆ ಹಿಂದಿನ ಸೀಟಿನಲ್ಲಿರಬೇಕಿತ್ತು. ವಿಷ ನಿರೋಧಕ ಚುಚ್ಚುಮದ್ದು ಮತ್ತು ರಾತ್ರಿ ಪಾಳಿಯ ವೈದ್ಯರು ಎರಡೂ ಇರುವ ಅತಿ ಹತ್ತಿರದ ಜಾಗವೇ ಮೊದಲ ನಿಲ್ದಾಣ. ಮದ್ದು ಇದೆಯೇ ಎಂದು ದಾರಿಯಿಂದಲೇ ಫೋನ್ ಮಾಡಿ ಕೇಳಿದ್ದೆವು, ಇದೆ ಎಂದಿದ್ದರು. ಹಾವು ಯಾವುದೆಂದು ನಮಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟು, ಕೊಳಕುಮಂಡಲ ಮತ್ತು ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಾವನ್ನು ಹುಡುಕಿ ಕೊಂದು ತರುವವರು ಸಮಯವನ್ನಷ್ಟೇ ಅಲ್ಲ, ಎರಡನೇ ಕಡಿತದ ಅಪಾಯವನ್ನೂ ತರುತ್ತಾರೆ.

ಕರ್ತವ್ಯದಲ್ಲಿದ್ದ ವೈದ್ಯೆ ರೆಪ್ಪೆ ನೋಡಿ, ಕಡಿದ ಹೊತ್ತು ಕೇಳಿದರು. ಚೀಟಿಯಲ್ಲಿ ಬರೆದಿಟ್ಟಿದ್ದ ಹೊತ್ತುಗಳನ್ನೂ ಎಣಿಕೆಗಳನ್ನೂ ಕೊಟ್ಟೆ. 'ಇದು ನನಗೆ ಬಹಳ ಉಪಯೋಗ' ಎಂದರು. ಹತ್ತು ವಯಲ್ ಮದ್ದನ್ನು ಸಲೈನಿನಲ್ಲಿ ಸೇರಿಸಿ ಹನಿಹನಿಯಾಗಿ ಬಿಟ್ಟರು. ಆದರೂ ಉಸಿರು ಕುಗ್ಗುತ್ತಲೇ ಇದ್ದುದರಿಂದ, ಕೊಳವೆ ಹಾಕಿ, ಚೀಲ ಒತ್ತುವ ಸಿಬ್ಬಂದಿಯೊಂದಿಗೆ ಹುಬ್ಬಳ್ಳಿಗೆ ಕಳಿಸಿದರು. ಈ ಎರಡನೇ ಪ್ರಯಾಣಕ್ಕೆ ಬೈಕೂ ಸಲ್ಲದು, ಕಾರೂ ಸಲ್ಲದು. ನಲವತ್ತು ನಿಮಿಷವೇ ಆಗಲಿ, ಆಂಬುಲೆನ್ಸ್‌ಗೆ ಕಾಯಲೇಬೇಕಾದ ಪ್ರಯಾಣ ಇದು. ಅಂದು ಆಸ್ಪತ್ರೆಯ ಅಂಗಳದಲ್ಲೇ ಅದು ಸಿಕ್ಕಿತು. ನಾವು ಹೊರಟ ದಾರಿಯನ್ನು ಕೇಳಿದ್ದ ಅದೇ ಚಾಲಕ ನಮ್ಮನ್ನು ಹುಡುಕಿಕೊಂಡು ಅಲ್ಲಿಗೇ ಬಂದಿದ್ದ.

ಎರಡು ದಿನ ವೆಂಟಿಲೇಟರ್ ಮೇಲಿದ್ದು, ಮೂರನೇ ದಿನ ಹುಡುಗ ಕಣ್ಣು ಬಿಟ್ಟ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಅವನೂ ಆ ಲೆಕ್ಕದಲ್ಲಿ ಒಂದು ಅಂಕಿಯಾಗಿದ್ದಾನೆ. ಮನೆಗೆ ಬಂದ ಮೇಲೆ ಅವನು ಮೊದಲು ಕೊಂಡದ್ದು ಗಮ್‌ಬೂಟು. ನಾನು ಮಾಡಿದ್ದು ಗೌಡ್ರ ಮನೆಯ ಗೋಡೆಗೊಂದು ಮೊಳೆ ಹೊಡೆಸಿದ್ದು. ಕಾರಿನ ಕೀಲಿ ಈಗ ರಾತ್ರಿ ಅಲ್ಲೇ ನೇತಾಡುತ್ತದೆ, ಚಕ್ಕಡಿ ಓಣಿಯ ಆಚೆ ನಿಲ್ಲುತ್ತದೆ. ವಿದ್ಯುತ್ ಮಾತ್ರ ಈಗಲೂ ವಾರ ಬಿಟ್ಟು ವಾರ ರಾತ್ರಿಯೇ ಬರುತ್ತದೆ.